ಹತ್ತಕ್ಕ ಹತ್ತು ಹಾಕ್ರಿ ಸರ

ಹುಬ್ಬಳ್ಳಿಯಲ್ಲಿ ಬೈಕು ಸರ್ವಿಸಿಗೆ ಬಿಟ್ಟವರಿಗೆಲ್ಲ ಈ ಮಂತ್ರ ಬಾಯಿಪಾಠ: "ಸರ, ಫಾರ್ಮಿನಾಗ ಹತ್ತಕ್ಕ ಹತ್ತು ಹಾಕ್ರಿ. ಕಡಿಮಿ ಆದ್ರ ನಮ್ಮ ಪಗಾರದಾಗ ಹಿಡಿತಾರ್ರಿ." ಕೀಲಿಕೈ ಇನ್ನೂ ಸರ್ವಿಸ್ ಹುಡುಗನ ಮುಷ್ಟಿಯಲ್ಲೇ.

ಫಾರ್ಮಿನಲ್ಲಿ ಹದಿನೆಂಟು ಪ್ರಶ್ನೆ. ಏಸಿ ತಂಪಿತ್ತೋ, ಚಹಾ ಬಿಸಿಯಿತ್ತೋ, ಸಿಬ್ಬಂದಿ ನಕ್ಕರೋ. ಏಳನೆಯದಂತೂ ರತ್ನ: "ಕೆಲಸ ಮತ್ತು ಬಿಲ್ಲಿನ ವಿವರಣೆ ತೃಪ್ತಿಕರವೇ?" ಬ್ರೇಕು ಛಲೋ ಹಿಡೀತದ, ಬಿಲ್ಲು ತಿಳೀಲಿಲ್ಲ ಅನ್ನುವವನು ಎಲ್ಲಿ ಟಿಕ್ ಹಾಕಬೇಕು?

ಹತ್ತರ ಈ ಹುಚ್ಚು 2003ರಲ್ಲಿ ಅಮೆರಿಕದ ವ್ಯಾಪಾರ ಸಲಹೆಗಾರ ಫ್ರೆಡ್ ರೈಕ್‌ಹೆಲ್ಡ್ ಬರೆದ ಲೇಖನದಿಂದ ಹಬ್ಬಿದ್ದು. ನಮ್ಮ ಬಗ್ಗೆ ನಾಲ್ಕು ಜನಕ್ಕೆ ಒಳ್ಳೆಯದು ಹೇಳುತ್ತೀರಾ ಎಂದು ಕೇಳಿ 0ಯಿಂದ 10ರೊಳಗೆ ಅಂಕ ಪಡೆಯುವುದು. 9, 10 ಕೊಟ್ಟವರ ಶೇಕಡಾವಾರಿನಿಂದ 6 ಹಾಗೂ ಅದಕ್ಕಿಂತ ಕಡಿಮೆ ಕೊಟ್ಟವರದನ್ನು ಕಳೆಯುವುದು. 7, 8 ಕೊಟ್ಟವರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಗಿರ್ಮಿಟ್ ತಿಂದು ಕೈ ಒರೆಸಿಕೊಳ್ಳುತ್ತ "ಅಡ್ಡಿ ಇಲ್ಲ ನೋಡಪಾ" ಅಂದರೆ ನಮ್ಮಲ್ಲಿ ಅದೇ ಮಹಾಪ್ರಶಸ್ತಿ. ಅಂದರೆ ಎಂಟು. ಮಗ 98 ತಂದರೂ "ಇನ್ನೆರಡು ಎಲ್ಲಿ ಹೋದ್ವು?" ಎನ್ನುವ ಊರಲ್ಲಿ ಹತ್ತನ್ನು ಯಾರು ಸುಮ್ಮನೆ ಕೊಟ್ಟಾರು?

ನಿಜ ಇರುವುದು ಫಾರ್ಮಿನ ಕೆಳಗಿನ ಎರಡು ಖಾಲಿ ಗೆರೆಗಳಲ್ಲಿ. ನಲವತ್ತು ಫಾರ್ಮು ಬಂದವು ಅನ್ನಿ. 24 ಜನ ಹತ್ತು, 8 ಜನ ಎಂಟು, 8 ಜನ ನಾಲ್ಕು ಕೊಟ್ಟರು. ಸರಾಸರಿ 8.4. ಭೇಷ್, ಪೇಢೆ ಹಂಚಿರಿ! ಆದರೆ ನಾಲ್ಕು ಕೊಟ್ಟವರು ಬರೆದದ್ದು: "ಐದಕ್ಕ ಬಾ ಅಂದು ಏಳೂವರಿಗೆ ಕೊಟ್ರು." "ಫೋನ್ ಎತ್ತಲಿಲ್ಲ." "ಆಟೋದಾಗ ಹೋಗಿ ಮಗಳನ್ನ ಟ್ಯೂಷನ್ನಿಂದ ಕರಕೊಂಡ ಬಂದೆ." ಹತ್ತು ಕೊಟ್ಟವರಲ್ಲೂ ಮೂವರು ತಡವಾಯಿತೆಂದೇ ಬರೆದಿದ್ದಾರೆ. ಮಾತು ಬೇರೆ, ದೂರು ಒಂದೇ. ಕಾರಣ ಹಿಡಿದು ವಿಂಗಡಿಸದ ಮ್ಯಾನೇಜರನಿಗೆ ಅದು "ವರ್ತನೆ", "ಫೋನು", "ಇತರೆ" ಎಂದು ಮೂರಾಗಿ ಕಾಣುತ್ತದೆ. ಪರಿಹಾರವಾಗಿ ಹುಡುಗರಿಗೆ ನಗುವ ತರಬೇತಿ!

ಜಾಬ್ ಕಾರ್ಡಿನಲ್ಲಿ ರಿಪೇರಿ ಮುಗಿದ ಹೊತ್ತು, ತೊಳೆದ ಹೊತ್ತು ಎರಡನ್ನೂ ಬರೆದರೆ ಕಳ್ಳ ಸಿಗುತ್ತಾನೆ. ನಾಲ್ಕಕ್ಕೆ ಎಂಟು ಗಾಡಿ ಒಟ್ಟಿಗೆ ಮುಗಿದವು, ತೊಳೆಯುವ ರ‍್ಯಾಂಪು ಒಂದೇ, ಗಾಡಿಗೆ ಇಪ್ಪತ್ತು ನಿಮಿಷ. ಎಂಟನೆಯದು ಹೊರಬೀಳುವಾಗ 6.40. ಆಮೇಲೆ ಬಿಲ್ಲಿನ ಪಾಳಿ. ಬೆಳಿಗ್ಗೆಯೇ ತೊಳೆದಿದ್ದರೆ ಮುಗಿಯುತ್ತಿತ್ತು.

ಕೇಳಬೇಕಾದದ್ದು ನಾಲ್ಕೇ: ಹೇಳಿದ ತೊಂದರೆ ಹೋಯಿತೇ, ಹೇಳಿದ ಹೊತ್ತಿಗೆ ಸಿಕ್ಕಿತೇ, ಬಿಲ್ಲು ಹೇಳಿದಷ್ಟೇ ಬಂತೇ, ಇನ್ನೇನಾದರೂ ಇದೆಯೇ. ಅದೂ ಎರಡು ದಿನ ಬಿಟ್ಟು, ಬೇರೆಯವರಿಂದ. ಬ್ರೇಕಿನ ಕಿರ್ ಸದ್ದು ಕೌಂಟರಿನಲ್ಲಿ ಕೇಳಿಸುವುದಿಲ್ಲ. ಬಡವನ ಪಗಾರವನ್ನು ಅಂಕಕ್ಕೆ ಕಟ್ಟಿಹಾಕಿ, ಗಿರಾಕಿಗೆ ನಿಜ ಹೇಳು ಅನ್ನುತ್ತೀರಲ್ಲ, ನಾಚಿಕೆ ಬೇಡವೇ?

ಬೇಡವಂತೆ. ಹತ್ತೊಂಬತ್ತನೆಯ ಪ್ರಶ್ನೆ ಸೇರಿಸಿದ್ದಾರೆ: "ಈ ಫಾರ್ಮು ತುಂಬಲು ಸಾಕಷ್ಟು ಸಮಯ ಸಿಕ್ಕಿತೇ?" ಸಿಕ್ಕಿತ್ರೀ, ಐದರಿಂದ ಏಳೂವರಿ ತನಕ.