ನಾಯಕ ಒಗ್ಗರಣೆಯಲ್ಲ ಮಾರಾಯರೇ

ನಿನ್ನೆ ಸಂಜೆ 7 ಗಂಟೆ 22 ನಿಮಿಷ. ಉರ್ವದ ಅಕ್ಕನ ಮನೆಯ ಜಗಲಿ. ಕ್ರಿಕೆಟ್ ಪಂದ್ಯ ಶುರುವಾಗಲು ಎಂಟೇ ನಿಮಿಷ. ಅಕ್ಕನ ಮಗ ಎಡಗೈಯಲ್ಲಿ ಗೋಳಿಬಜೆ, ಬಲಗೈಯಲ್ಲಿ ಮೊಬೈಲ್ ಹಿಡಿದು ಬಂದು ಕೇಳುತ್ತಾನೆ: "ಮಾವ, ಹನ್ನೊಂದು ಜನ ಆಯಿತು. ಕ್ಯಾಪ್ಟನ್ ಯಾರನ್ನು ಮಾಡಲಿ?"

ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಸಾರೆಲ್ಲ ಕುದಿದ ಮೇಲೆ ಕೊನೆಗೆ ಒಗ್ಗರಣೆ ಹಾಕಿದ ಹಾಗೆ, ತಂಡವೆಲ್ಲ ಮುಗಿದ ಮೇಲೆ ನಾಯಕ! ನಾನು ಇಪ್ಪತ್ತು ವರ್ಷಗಳಿಂದ ಬಿಎಸ್ಸಿ ಮಕ್ಕಳಿಗೆ ಲೀನಿಯರ್ ಪ್ರೋಗ್ರಾಮಿಂಗ್, ಅಂದರೆ ಕಟ್ಟುಪಾಡುಗಳ ಒಳಗೇ ಅತ್ಯುತ್ತಮವನ್ನು ಹುಡುಕುವ ಲೆಕ್ಕ, ಹೇಳಿಕೊಡುವವನು ಎಂದು ನಿಮಗೆಲ್ಲ ಗೊತ್ತು. ನನ್ನದೇ ಮನೆಯಲ್ಲಿ ಈ ಗತಿ.

ಫ್ಯಾಂಟಸಿ ಕ್ರಿಕೆಟ್ ಎಂಬ ಈ ಮೊಬೈಲ್ ಆಟ ತಿಳಿಯದವರಿಗಾಗಿ ಎರಡು ಮಾತು. ಎರಡೂ ತಂಡಗಳ 22 ಆಟಗಾರರಲ್ಲಿ 11 ಜನರನ್ನು ಆರಿಸಬೇಕು. ಪ್ರತಿಯೊಬ್ಬನಿಗೂ ಇಷ್ಟು ಕ್ರೆಡಿಟ್ ಎಂದು ಬೆಲೆ ಇದೆ, ಒಟ್ಟು 100 ದಾಟುವಂತಿಲ್ಲ. ಕೀಪರ್, ಬ್ಯಾಟರ್, ಬೌಲರ್ ಎಲ್ಲರೂ ಇರಬೇಕು. ನಿಜವಾದ ಪಂದ್ಯದಲ್ಲಿ ಅವರು ಆಡಿದ ಹಾಗೆ ನಮಗೆ ಪಾಯಿಂಟ್. ನಾಯಕನ ಪಾಯಿಂಟ್ ಎರಡು ಪಟ್ಟು, ಉಪನಾಯಕನದು ಒಂದೂವರೆ ಪಟ್ಟು. ಹಣ ಕಟ್ಟಿ ಆಡುವುದಕ್ಕೆ 2025ರ ಆಗಸ್ಟ್‌ನ ಕಾಯ್ದೆ ತಡೆ ಹಾಕಿತು, ಒಳ್ಳೆಯದೇ ಆಯಿತು. ನಮ್ಮ ಕುಟುಂಬದ ಲೀಗಿನಲ್ಲಿ ವಾರಕ್ಕೊಮ್ಮೆ ಸೋತವರು ಎಲ್ಲರಿಗೂ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಬೇಕು, ಅಷ್ಟೇ.

ನಿನ್ನೆ ಅವನಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದ್ದನ್ನೇ ಇಲ್ಲಿ ಬರೆಯುತ್ತೇನೆ. ಎಂಟು ಜನ ಆಗಿದ್ದಾರೆ, 74 ಕ್ರೆಡಿಟ್ ಮುಗಿದಿದೆ ಎಂದುಕೊಳ್ಳಿ. ಆ ಎಂಟರಲ್ಲಿ ಅತಿ ಹೆಚ್ಚು ಎಂದರೆ 42 ಪಾಯಿಂಟ್ ತರಬಹುದಾದವನು ಒಬ್ಬ ಇದ್ದಾನೆ. ಇನ್ನು ಮೂರು ಜಾಗ, 26 ಕ್ರೆಡಿಟ್. ಮುಂದೆ ಇರುವವರು ಆರು ಜನ. 7 ಕ್ರೆಡಿಟ್‌ನವನಿಂದ 35 ಪಾಯಿಂಟ್ ನಿರೀಕ್ಷೆ, ಏಳೂವರೆಯವನಿಂದ 37, ಎಂಟರವನಿಂದ 39, ಎಂಟೂವರೆಯವನಿಂದ 41, ಒಂಬತ್ತರವನಿಂದ 43. ಕೊನೆಗೆ ಹತ್ತೂವರೆ ಕ್ರೆಡಿಟ್‌ನ ಮಹಾಶಯ, ಅವನಿಂದ 46.

ಅಕ್ಕನ ಮಗನ ಪದ್ಧತಿ ಎಂದರೆ ಕ್ರೆಡಿಟ್‌ಗೆ ಎಷ್ಟು ಪಾಯಿಂಟ್ ಎಂದು ಭಾಗಿಸುವುದು. ಮೀನು ಮಾರುಕಟ್ಟೆಯ ವ್ಯಾಪಾರ. ಹಾಗೆ ಭಾಗಿಸಿದರೆ ಅಗ್ಗದ ಮೂವರೇ ಮೇಲೆ ಬರುತ್ತಾರೆ: ಏಳು, ಏಳೂವರೆ, ಎಂಟು. ಒಟ್ಟು 111 ಪಾಯಿಂಟ್, ಖರ್ಚು 22.5. ಉಳಿದ ಮೂರೂವರೆ ಕ್ರೆಡಿಟ್ ಏನಾಯಿತು? ಏನೂ ಇಲ್ಲ. ಅದನ್ನು ನಾಳೆಯ ಪಂದ್ಯಕ್ಕೆ ಒಯ್ಯುವಂತಿಲ್ಲ. ಬಂಗುಡೆಯಲ್ಲಿ ಉಳಿಸಿದ ದುಡ್ಡು ಕಿಸೆಯಲ್ಲಿ ಇರುತ್ತದೆ, ಇಲ್ಲಿ ಉಳಿಸಿದ ಕ್ರೆಡಿಟ್ ಗಾಳಿಗೆ ಹೋಗುತ್ತದೆ. ಇಲ್ಲಿ ದುಡ್ಡಿನಷ್ಟೇ ಜಾಗವೂ ದುರ್ಲಭ. ಮೂರೇ ಕುರ್ಚಿಗಳಿರುವಾಗ ಅಗ್ಗದವನು ಕುಳಿತರೆ ಒಂದು ಕುರ್ಚಿ ಹೋಯಿತು.

ಭಾವನದು ಇದಕ್ಕೆ ತದ್ವಿರುದ್ಧ: ದೊಡ್ಡವರನ್ನು ಮೊದಲು ತೆಗೆದುಕೊಳ್ಳುವುದು. ಹತ್ತೂವರೆ, ಒಂಬತ್ತು. ಉಳಿದದ್ದು ಆರೂವರೆ, ಆ ಬೆಲೆಗೆ ಯಾರೂ ಇಲ್ಲ. ಆಮೇಲೆ ತಲೆ ಕೆರೆದುಕೊಂಡು ಒಂಬತ್ತರವನನ್ನು ಬಿಟ್ಟು ಎಂಟೂವರೆ, ಏಳು ಎಂದು ಹಾಕಿದರೆ 122.

ಆರರಲ್ಲಿ ಮೂವರನ್ನು ಆರಿಸುವ ದಾರಿಗಳು 20. ಎಲ್ಲವನ್ನೂ ಬರೆದು ನೋಡಿದರೆ ಒಂಬತ್ತು, ಎಂಟೂವರೆ, ಎಂಟು ಎಂಬ ಮಧ್ಯಮ ವರ್ಗದ ಮೂವರಿಗೆ 123. ಇದೇ ಅತ್ಯುತ್ತಮ. ಮಹಾಶಯನ ಅಗತ್ಯವೇ ಇಲ್ಲ.

ಇಲ್ಲಿಯವರೆಗೆ ಬಂದು ನಿಲ್ಲುವವರೇ ಹೆಚ್ಚು. ಈಗ ನಾಯಕನನ್ನು ಸೇರಿಸಿ. ಮಧ್ಯಮ ವರ್ಗದ ತಂಡದಲ್ಲಿ ನಾಯಕ ಆಗಬೇಕಾದವನು 43ರವನು: 123ಕ್ಕೆ 43 ಸೇರಿ 166. ಮಹಾಶಯನಿರುವ ತಂಡದಲ್ಲಿ 122ಕ್ಕೆ 46 ಸೇರಿ 168. ಉಪನಾಯಕ ಎರಡರಲ್ಲೂ ಅದೇ 42ರವನು, ಹಾಗಾಗಿ ಅವನ ಲೆಕ್ಕ ಬಿಡಿ. ಉತ್ತರವೇ ಮಗುಚಿ ಬಿತ್ತು ನೋಡಿ! ಮೊದಲು ಹನ್ನೊಂದು, ಆಮೇಲೆ ನಾಯಕ ಎಂದು ಹೊರಟವನಿಗೆ 168 ಎಂದೂ ಸಿಗುವುದಿಲ್ಲ, ಏಕೆಂದರೆ ನಾಯಕನಾಗಬೇಕಾದವನು ಆಗಲೇ ಹೊರಗೆ ಹೋಗಿದ್ದಾನೆ. ನಾಯಕ ಯಾರು ಎಂಬುದು ಆಯ್ಕೆಯ ಒಳಗೇ ಇರಬೇಕು, ಆಮೇಲಿನ ಒಗ್ಗರಣೆಯಲ್ಲ. ಕೈಯಲ್ಲಿ ಮಾಡುವುದಾದರೆ, ನಾಯಕನಾಗಬಲ್ಲ ಮೂರು ನಾಲ್ಕು ಜನರನ್ನು ಒಬ್ಬೊಬ್ಬರಾಗಿ ಮೊದಲೇ ಕೂರಿಸಿ, ಪ್ರತಿ ಸಲವೂ ಉಳಿದ ಹತ್ತು ಜನರನ್ನು ಹೊಸದಾಗಿ ಆರಿಸಿ, ಕೊನೆಗೆ ಹೋಲಿಸಿ ನೋಡಿ. ಕಂಪ್ಯೂಟರ್ ಇದ್ದರೆ ಇಷ್ಟೂ ಬೇಡ: 22ರಲ್ಲಿ 11 ಜನರ ಗುಂಪುಗಳು 7,05,432, ಪ್ರತಿ ಗುಂಪಿನಲ್ಲಿ ನಾಯಕ ಮತ್ತು ಉಪನಾಯಕರನ್ನು ಆರಿಸುವ ದಾರಿಗಳು 110. ಒಟ್ಟು ಏಳು ಮುಕ್ಕಾಲು ಕೋಟಿ. ಮನುಷ್ಯನಿಗೆ ಆಯುಷ್ಯ ಸಾಲದು, ಯಂತ್ರಕ್ಕೆ ಚಹಾ ಕುಡಿಯುವಷ್ಟು ಹೊತ್ತೂ ಬೇಡ.

ಅಕ್ಕ ಒಳಗಿನಿಂದ ಕೂಗಿದಳು, "ನಮ್ಮ ರಾಹುಲ್ ಇರಲೇಬೇಕು!" ಸುರತ್ಕಲ್‌ನಲ್ಲಿ ಬೆಳೆದ ಹುಡುಗ, ಆಯಿತು ಒಪ್ಪಿದೆ. ನನಗೂ ಅಭಿಮಾನವಿದೆ. ಆದರೆ ಅದೂ ಒಂದು ಕಟ್ಟುಪಾಡು, ಕಟ್ಟುಪಾಡು ಹೆಚ್ಚಿಸಿದರೆ ಅತ್ಯುತ್ತಮ ಮೊತ್ತ ಇದ್ದಲ್ಲೇ ಇರಬಹುದು ಅಥವಾ ಇಳಿಯಬಹುದು, ಏರುವುದು ಮಾತ್ರ ಸಾಧ್ಯವಿಲ್ಲ. ರಾಹುಲ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ಲೆಕ್ಕ ಹಾಕಿದರೆ ಅಭಿಮಾನದ ಬೆಲೆ ಇಷ್ಟು ಪಾಯಿಂಟ್ ಎಂದು ತಿಳಿಯುತ್ತದೆ. ಕೊಡುವುದಾದರೆ ತಿಳಿದೇ ಕೊಡಿ. (ಅಕ್ಕನಿಗೆ ಇದನ್ನು ಹೇಳಲಿಲ್ಲ. ಗೋಳಿಬಜೆ ಇನ್ನೂ ಎರಡು ಬರುವುದಿತ್ತು.)

ಈಗ ಯಾರಾದರೂ ಕಮೆಂಟಿನಲ್ಲಿ ಹೇಳುತ್ತೀರಿ: "ಸರ್, ಕ್ರಿಕೆಟ್ ಕಾಗದದಲ್ಲಿ ನಡೆಯುವುದಿಲ್ಲ. 46 ಎಂದು ಯಾರು ಹೇಳಿದ್ದು?" ಯಾರೂ ಹೇಳಿಲ್ಲ, ನಾನೇ ಅಂದಾಜು ಮಾಡಿದ್ದು. 166ಕ್ಕೂ 168ಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಬೌಂಡರಿಯಲ್ಲಿ ಕೊಚ್ಚಿಹೋಗುತ್ತದೆ, ನಿಜ. ಆದರೆ ಅಗ್ಗದ ಮೂವರ ತಂಡಕ್ಕೆ 42ರವನನ್ನೇ ನಾಯಕ ಮಾಡಿದರೂ ಬರುವುದು 153. ಉಪನಾಯಕನ ಪಾಲಿನಲ್ಲೂ ಅಷ್ಟಿಷ್ಟು ಕಡಿತ. ಆ ಹದಿನೈದರ ಕಂದಕ ಅಂದಾಜಿನ ತಪ್ಪಲ್ಲ, ಆರಿಸಿದ ರೀತಿಯ ತಪ್ಪು. ಅಂದಾಜು ಸಡಿಲವಾಗಿದೆ ಎಂದು ಲೆಕ್ಕವನ್ನೂ ಸಡಿಲ ಬಿಡುವುದು ಯಾವ ನ್ಯಾಯ?

ಆದರೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಹೋದ ವಾರ ಗಡ್‌ಬಡ್ ಕೊಡಿಸಿದ್ದು ನಾನು. ಹೊಸ ಹುಡುಗನೊಬ್ಬ, ಬೆಲೆ 7, ಆಡಿದ್ದು ಒಂದೇ ಪಂದ್ಯ, ಅದರಲ್ಲಿ 92 ಪಾಯಿಂಟ್. ನಾನು 92 ಎಂದೇ ಬರೆದೆ. ಲೆಕ್ಕ ಅವನನ್ನು ಆರಿಸಿದ್ದಲ್ಲದೆ ನಾಯಕನನ್ನಾಗಿಯೂ ಮಾಡಿತು. ಮಾಡದೆ ಇನ್ನೇನು? ಅತ್ಯುತ್ತಮವನ್ನು ಹುಡುಕುವ ಲೆಕ್ಕಕ್ಕೆ ಒಂದು ಚಟವಿದೆ, ನಾವು ಎಲ್ಲಿ ಅತಿಯಾಗಿ ಅಂದಾಜು ಮಾಡಿದ್ದೇವೋ ಅಲ್ಲಿಗೇ ನುಗ್ಗಿ ಹೋಗುತ್ತದೆ. ನಿಮ್ಮ ಕಾಗದದ ತಂಡದಲ್ಲಿ ಒಂದೆರಡು ಪಂದ್ಯ ಆಡಿದವರೇ ತುಂಬಿಕೊಂಡಿದ್ದರೆ ಅದೇ ರೋಗ ಎಂದು ತಿಳಿಯಿರಿ. ಹುಡುಗನಿಗೆ ಆ ದಿನ ಬ್ಯಾಟಿಂಗ್ ಸಿಗಲಿಲ್ಲ, ಬೌಲಿಂಗ್ ಅವನಿಗೆ ಬರುವುದಿಲ್ಲ. ಆಡುವ ಹನ್ನೊಂದರಲ್ಲಿ ಇದ್ದದ್ದಕ್ಕೆ ನಾಲ್ಕು, ನಾಯಕನೆಂದು ಎಂಟು.

ಮದ್ದು ಸರಳ. ಪ್ರತಿಯೊಬ್ಬನೂ ಇನ್ನೂ ಐದು ಸಾಧಾರಣ ಪಂದ್ಯ ಆಡಿದ್ದಾನೆ ಎಂದು ಸೇರಿಸಿಕೊಳ್ಳುವುದು. ಅವನಂಥವರ ಸರಾಸರಿ 32 ಎಂದಿಟ್ಟುಕೊಂಡರೆ, 92ಕ್ಕೆ ಐದು 32 ಸೇರಿಸಿ ಆರರಿಂದ ಭಾಗಿಸಿದರೆ 42. ಏಳು ಕ್ರೆಡಿಟ್‌ಗೆ 42, ತಂಡದಲ್ಲಿ ಆಗಲೂ ಇರುತ್ತಿದ್ದ. ನಾಯಕನಾಗಿ ಮಾತ್ರ ಇರುತ್ತಿರಲಿಲ್ಲ.

ಇದನ್ನು ನಾನು ಮಕ್ಕಳಿಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ. ಅಕ್ಕನ ಮಗನಿಗೆ ಇನ್ನೂ ಹೇಳಿಲ್ಲ. ಅವನು ಫೇಸ್‌ಬುಕ್‌ನಲ್ಲಿ ಇಲ್ಲ, ಇದು ಮುದುಕರ ಜಾಗವಂತೆ. ಹಾಗಾಗಿ ಧೈರ್ಯವಾಗಿ ಬರೆದಿದ್ದೇನೆ. ಅಂದ ಹಾಗೆ ನಿನ್ನೆ 7 ಗಂಟೆ 29 ನಿಮಿಷಕ್ಕೆ ಅವನು ಅಕ್ಕನ ಮಾತು ಕೇಳಿ ರಾಹುಲ್‌ನನ್ನೇ ನಾಯಕ ಮಾಡಿದ. ಫಲಿತಾಂಶ ಏನಾಯಿತು ಎಂದು ಯಾರೂ ಕೇಳಬೇಡಿ.