ಕಾರಣ ಹಿಡಿಸದ ಸ್ಲೈಡು

ಸರ್ವರ್ ಮಲಗಿದರೆ ಮೂರು ಗಂಟೆಯಲ್ಲಿ ಎಬ್ಬಿಸಬಹುದು. ಅದು ಮಲಗಿತ್ತು ಅಂತ ಕ್ಲೈಂಟಿಗೆ ಹೇಳುವ ಸ್ಲೈಡುಗಳ ಡೆಕ್ಕನ್ನು ಕಂಪನಿಯ ಸ್ಟೈಲ್ ಗೈಡಿಗೆ ಒಗ್ಗಿಸಲು ಮೂರು ದಿನ ಬೇಕು. ವಿಧಾನಸೌಧದ ಕಡತದಲ್ಲಿ ‘ಸದರಿ’ಗೆ ಇರುವ ಮರ್ಯಾದೆ ಔಟರ್ ರಿಂಗ್ ರೋಡಿನ ಡೆಕ್ಕಿನಲ್ಲಿ ‘ಲೆವರೇಜ್’ಗೆ ಇದೆ. ಎರಡೂ ಕಡೆ ವಾಕ್ಯದಿಂದ ಮೊದಲು ಹೊರಬೀಳುವವನು ಕೆಲಸ ಮಾಡಬೇಕಿದ್ದ ಮನುಷ್ಯ.

ಒಂದೇ ಒಂದು ಬುಲೆಟ್ ನೋಡೋಣ. ಡೆಕ್ ಇಂಗ್ಲಿಷಿನಲ್ಲೇ ಇರುತ್ತದೆ, ಕನ್ನಡಕ್ಕಿಳಿಸಿದರೆ ಎಂಜಿನಿಯರ್ ಬರೆದದ್ದು ಇಷ್ಟು: “ಸರ್ಟಿಫಿಕೇಟ್ ಅವಧಿ ಮುಗಿದದ್ದನ್ನು ನಾವು ನೋಡಲಿಲ್ಲ; ಪೇಮೆಂಟ್ 3 ಗಂಟೆ ನಿಂತಿತ್ತು.” ಒಂಬತ್ತು ಪದ. ಏನಾಯಿತು, ಯಾಕಾಯಿತು, ಎಷ್ಟು ಹೊತ್ತು, ಎಲ್ಲ ಇದೆ. ಸರ್ಟಿಫಿಕೇಟ್ ಅಂದರೆ ಸೈಟಿನ ಡಿಜಿಟಲ್ ಗುರುತುಚೀಟಿ, ಅವಧಿ ಮುಗಿಯುವ ಮೊದಲು ನವೀಕರಿಸಬೇಕು. ಗೈಡಿನ ಪ್ರಕಾರ ‘ನಾವು’ ಅನ್ನುವಂತಿಲ್ಲ. ನಕಾರಾತ್ಮಕ ಪದವೂ ಸಲ್ಲದು, ಆದ್ದರಿಂದ ‘ನೋಡಲಿಲ್ಲ’ವೂ ‘ನಿಂತಿತ್ತು’ವೂ ಹೋಗಬೇಕು. ಹೊರಬಂದ ರೂಪ ಹೀಗಿದೆ: “ಪ್ರಮಾಣಪತ್ರ ನಿರ್ವಹಣಾ ಜೀವನಚಕ್ರದ ಗೋಚರತೆಯಲ್ಲಿ ಸುಧಾರಣೆಯ ಅವಕಾಶವೊಂದನ್ನು ಗುರುತಿಸಲಾಗಿದ್ದು, ತತ್ಪರಿಣಾಮವಾಗಿ ಪಾವತಿ ಸೇವೆಗಳ ಲಭ್ಯತೆಯಲ್ಲಿ ಸೀಮಿತ ಅವಧಿಯ ವ್ಯತ್ಯಯ ಅನುಭವಕ್ಕೆ ಬಂದಿರುತ್ತದೆ.” ಹದಿನಾರು ಪದ, ಮೂರು ಗಂಟೆ ಮಾಯ. ಇದನ್ನು ಅಕ್ಷರಶಃ ಓದಿದರೆ, ಸುಧಾರಣೆಯ ಅವಕಾಶ ಸಿಕ್ಕಿತು ಅನ್ನುವ ಕಾರಣಕ್ಕೇ ಪೇಮೆಂಟ್ ನಿಂತುಹೋಯಿತು!

ಒಂದನ್ನು ಹೀಗೆ ಕೈಯಲ್ಲಿ ತಿದ್ದಿ ಸುಸ್ತಾದವರು ಉಳಿದ ನಲವತ್ತು ಸ್ಲೈಡಿಗೆ ಪವರ್‌ಪಾಯಿಂಟಿನ Replace All ಒತ್ತುತ್ತಾರೆ. `we` ತೆಗೆದು `the Company` ಹಾಕು ಎನ್ನುತ್ತಾರೆ, Find whole words only ಎಂಬ ಪುಟ್ಟ ಚೌಕಕ್ಕೆ ಟಿಕ್ ಹಾಕಲು ಮರೆಯುತ್ತಾರೆ. ಆಮೇಲೆ `week` ಎಂಬುದು `the Companyek` ಆಗಿರುತ್ತದೆ, `power` ಎಂಬುದು `pothe Companyr`. ಇದು ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಯಾರಾದರೂ ಸರಿಮಾಡಿಯೇ ಮಾಡುತ್ತಾರೆ. ನಿಜವಾದ ಅಪಾಯ ಕಣ್ಣಿಗೆ ಬೀಳದ್ದು. ಗೈಡಿನಲ್ಲಿ ಕೋಟಿ ಬೇಡ, ಮಿಲಿಯನ್ ಬರೆಯಿರಿ ಎಂದಿದೆ ಅಂತ `Cr` ಇದ್ದಲ್ಲೆಲ್ಲ `million` ತುಂಬಿದರೆ, 4.5 ಕೋಟಿ ಹೋಗಿ 4.5 ಮಿಲಿಯನ್ ಆಗುತ್ತದೆ. ಆಗಬೇಕಿದ್ದದ್ದು 45. ವ್ಯಾಕರಣ ಶುದ್ಧ, ಕಾಗುಣಿತ ಶುದ್ಧ, ಹತ್ತರಲ್ಲಿ ಒಂಬತ್ತು ಪಾಲು ದುಡ್ಡು ಗುಳುಂ. ಚಿತ್ರವಾಗಿ ಅಂಟಿಸಿದ ಚಾರ್ಟಿಗೆ ಈ ಬದಲಾವಣೆ ತಾಕುವುದೇ ಇಲ್ಲ. ಪಕ್ಕದ ಬುಲೆಟ್ ಮಿಲಿಯನ್ ಎನ್ನುತ್ತಿದ್ದರೆ ಚಾರ್ಟು ಇನ್ನೂ ಕೋಟಿಯಲ್ಲೇ ಕೂತಿರುತ್ತದೆ. ಕ್ಲೈಂಟ್ ಮೊದಲು ನೋಡುವುದು ಚಾರ್ಟು.

ಇನ್ನು ಜಾಗದ ಜಗಳ. ಹದಿನಾರು ಪದ ಒಂಬತ್ತರ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. Shrink text on overflow ಆನ್ ಇದ್ದರೆ ಅಕ್ಷರ ತಾನಾಗಿ ಕುಗ್ಗುತ್ತದೆ, ಅಕ್ಕಪಕ್ಕದ ಎರಡು ಸ್ಲೈಡಿನಲ್ಲಿ ಎರಡು ಗಾತ್ರ. ಗೈಡಿನ 14ನೇ ಪುಟದಲ್ಲಿ 18 ಪಾಯಿಂಟಿಗಿಂತ ಕೆಳಗಿಳಿಯಬಾರದೆಂದು ಇರುತ್ತದೆ. Do not Autofit ಕೊಟ್ಟರೆ ಕೊನೆಯ ಸಾಲು ಕಂಪನಿಯ ಲೋಗೊ ಮೇಲೆ ಹತ್ತಿ ಕೂರುತ್ತದೆ, ಅದು ಇನ್ನೂ ದೊಡ್ಡ ಅಪರಾಧ. ಹಾಗಾಗಿ ಏನಾದರೂ ಕತ್ತರಿಸಬೇಕು. ‘ಜೀವನಚಕ್ರ’ಕ್ಕೆ ಕೈ ಹಾಕಲು ಧೈರ್ಯ ಸಾಲದು, ಅದು ಅನುಮೋದಿತ ಪದಪಟ್ಟಿಯಲ್ಲಿದೆ. ಕೆಳಗೊಂದು ಬಡಪಾಯಿ ಬುಲೆಟ್ ಇತ್ತು: ಮುಂದಿನ ನವೀಕರಣ ಯಾರ ಹೊಣೆ, ಯಾವ ತಾರೀಖಿನೊಳಗೆ. ಅದನ್ನು ತೆಗೆದರು. ಸ್ಲೈಡು ಈಗ ನೋಡಲು ಲಕ್ಷಣವಾಗಿದೆ.

ಹಾಸ್ಯಾಸ್ಪದವೆಂದರೆ, ಗೈಡನ್ನು ಪೂರ್ತಿ ಪಾಲಿಸಿದರೂ ಸತ್ಯ ಹೇಳಬಹುದಿತ್ತು: “ಪ್ರಮಾಣಪತ್ರದ ನವೀಕರಣ ತಪ್ಪಿದ ಕಾರಣ ಪಾವತಿ ಸೇವೆ 3 ಗಂಟೆ ಲಭ್ಯವಿರಲಿಲ್ಲ.” ‘ನಾವು’ ಇಲ್ಲ, ಆಡುಮಾತಿಲ್ಲ, ಮತ್ತೆ ಒಂಬತ್ತೇ ಪದ. ‘ತಪ್ಪಿದ’ವೂ ‘ಲಭ್ಯವಿರಲಿಲ್ಲ’ವೂ ನಕಾರಾತ್ಮಕವಲ್ಲವೇ ಎಂದು ಬ್ರ್ಯಾಂಡ್ ತಂಡ ಕೇಳಿದರೆ, ಗೈಡಿನ ಆ ನಿಯಮ ಇರುವುದು ಜಾಹೀರಾತಿಗೆ, ಘಟನಾ ವರದಿಗಲ್ಲ ಎಂದು ಅದೇ ಪುಸ್ತಕದ ಮುನ್ನುಡಿ ತೋರಿಸಬಹುದು. ಮುನ್ನುಡಿ ಓದಿದವರಿದ್ದರೆ. ಕೆಲಸದ ಕ್ರಮವೂ ಉಲ್ಟಾ ಆಗಬೇಕು. ಮೊದಲು Outline View ತೆರೆದು ಶೀರ್ಷಿಕೆಗಳನ್ನಷ್ಟೇ ಒಟ್ಟಿಗೆ ಓದಿ ತಿದ್ದುವುದು, ಆಮೇಲೆ ಒಡಲು, ಆಮೇಲೆ ಚಾರ್ಟು ಮತ್ತು ಸ್ಪೀಕರ್ ನೋಟ್ಸ್. ಅಂಕಿಗಳನ್ನು ಮಾತ್ರ ಕೈಯಲ್ಲೇ, ಮೂಲ ಡೆಕ್ಕನ್ನು ಪಕ್ಕದಲ್ಲಿಟ್ಟುಕೊಂಡು. ನೋಟ್ಸ್ ಮರೆತರೆ ಎಂಜಿನಿಯರ್ ಅಲ್ಲಿ ಬರೆದಿಟ್ಟ “ಇದು ಮೂರನೇ ಸಲ, ಇವರಿಗೆ ಬುದ್ಧಿ ಬರಲ್ಲ” ಎಂಬ ಸಾಲು ಫೈಲಿನ ಜೊತೆ ಕ್ಲೈಂಟಿಗೇ ತಲುಪುತ್ತದೆ. ಇಡೀ ಡೆಕ್ಕಿನಲ್ಲಿ ಕಾರಣ ಹೇಳಿದ ಸಾಲು ಅದೊಂದೇ.

ಆದರೂ ಈ ಸ್ಲೈಡನ್ನು ಎಸೆಯಬೇಡಿ. 2026ರ ಮಾರ್ಚ್ 15ರಿಂದ ಕೊಟ್ಟ ಸಾರ್ವಜನಿಕ ವೆಬ್ ಸರ್ಟಿಫಿಕೇಟುಗಳ ಆಯಸ್ಸು ಹೆಚ್ಚೆಂದರೆ 200 ದಿನ, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47. ಹೊಣೆಗಾರನ ಬುಲೆಟ್ ಹೇಗೂ ಹೋಗಿದೆ, ದಿನಾಂಕವೊಂದನ್ನು ಖಾಲಿ ಬಿಟ್ಟು ಟೆಂಪ್ಲೇಟ್ ಫೋಲ್ಡರಿನಲ್ಲಿ ಉಳಿಸಿಕೊಂಡರೆ ಸಾಕು.