ಮೂರು ನಿಮಿಷದ ಕೀರ್ತನೆಯಲ್ಲಿ ‘ಮಹಾದೇವ’ ಅನ್ನೋರು ಯಾರು?

ಪರ: ಹುಬ್ಬಳ್ಳಿಯಲ್ಲಿ ವಿಡಿಯೊ ಎಡಿಟಿಂಗ್ ಮಾಡುವವನು

ಗದಗಿನ ಕಡೆಯ ಕೀರ್ತನಕಾರರೊಬ್ಬರ ಬೇಡರ ಕಣ್ಣಪ್ಪನ ಕಥೆಯನ್ನು ಯೂಟ್ಯೂಬ್ ಶಾರ್ಟ್ಸ್‌ಗೆ ಕೂರಿಸಿದೆ. ಗುಡಿಯಲ್ಲಿ ಅದು ಎರಡು ತಾಸಿನ ಕಥೆ. ಶಾರ್ಟ್ಸ್‌ನಲ್ಲಿ ಸಿಗೋದು 3 ನಿಮಿಷ, ಅದೂ 2024ರ ಅಕ್ಟೋಬರ್‌ನಿಂದ. ಮೊದಲು 1 ನಿಮಿಷವೇ ಇತ್ತು.

ಇಡೀ ಕಥೆಯನ್ನು ಹಿಂಡಲು ಹೋಗಲಿಲ್ಲ. ಲಿಂಗದ ಕಣ್ಣಲ್ಲಿ ರಕ್ತ ಸುರಿಯುವ ಪ್ರಸಂಗ ಒಂದನ್ನೇ ಹಿಡಿದೆವು. ಎರಡು ಪದ ಹಾಡೋಕೆ 50 ಸೆಕೆಂಡು, ಜನರ ಎರಡು ಕೂಗಿಗೆ 10 ಸೆಕೆಂಡು, ಉಳಿದ 2 ನಿಮಿಷ ಮಾತು ಮತ್ತು ಕೊನೆಯ ಮಂಗಳ. ಪದ ಬರುವ ಜಾಗ ಮಾತ್ರ ಬದಲಿಸಲಿಲ್ಲ. ಕಣ್ಣಪ್ಪ ತನ್ನ ಕಣ್ಣು ಕಿತ್ತು ಇಡುವಾಗ ಒಂದು. ಎರಡನೇ ಕಣ್ಣಿನ ಜಾಗ ತಪ್ಪಬಾರದು ಅಂತ ಲಿಂಗದ ಮೇಲೆ ಕಾಲಿಟ್ಟು ಗುರುತು ಮಾಡಿಕೊಳ್ಳುವಾಗ ಇನ್ನೊಂದು. ಅಲ್ಲಿ ಮಾತು ಸಾಲೋದಿಲ್ಲ, ಹಾಡಲೇಬೇಕು.

ಮೊದಲ ಸಲ ಜಾತ್ರೆಯಲ್ಲಿ ಒಂದೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕೆಟ್ಟೆವು. ಫೋನು ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತದೆ. ಜನ ಒಮ್ಮೆಲೇ ಕೂಗಿದರೆ ಅದುಮಿಬಿಡುತ್ತದೆ, ಆಮೇಲಿನ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಎರಡನೇ ಸಲ ಒಬ್ಬರ ಮನೆಯ ಪಡಸಾಲೆಯಲ್ಲಿ ಹದಿನೈದು ಜನರನ್ನು ಕೂರಿಸಿದೆವು. ಒಂದು ಫೋನು ಕೀರ್ತನಕಾರರ ಕಡೆ, ಇನ್ನೊಂದು ಜನರ ಕಡೆ. ಎರಡನ್ನೂ ಹೊಂದಿಸಲು ಕೀರ್ತನಕಾರರ ಕೈಯಲ್ಲಿದ್ದ ಚಿಪ್ಳಿಯೇ ಸಾಕಾಯಿತು. ಶುರುವಿಗೆ ಒಂದು ಸಲ ಟಪ್ ಅನ್ನಿಸಿದರು, ಆ ಸದ್ದನ್ನು ಎರಡೂ ಕಡೆ ಹುಡುಕಿ ಜೋಡಿಸಿದೆ.

ಕಷ್ಟ ಕೊಟ್ಟದ್ದು ಕೂಗು. ‘ನಮಃ ಪಾರ್ವತೀಪತೇ’ ಆದ ಮೇಲೆ 4 ಸೆಕೆಂಡು ಖಾಲಿ ಬಿಟ್ಟೆ. ನಮ್ಮ ಅವ್ವ ನೋಡಿ, “ನಿಂತೇ ಹೋತಲ್ಲೋ ಇದು” ಅಂತ ಪರದೆಯನ್ನು ಒತ್ತಿದಳು. ಜನರ ಕೂಗು ಪೂರ್ತಿ ಹಾಕಿದೆ, ಸುಮ್ನೆ ಕೇಳಿದಳು. ಕೊನೆಗೆ ಮೊದಲ ಕೂಗನ್ನು ಜೋರಾಗಿಯೇ ಇಟ್ಟೆ. ಎರಡನೆಯದರಲ್ಲಿ ‘ಹರ ಹರ’ ಅನ್ನೋ ಎರಡು ದನಿ ಮಾತ್ರ ಎದ್ದು ಇಳಿಯುತ್ತವೆ. ಹಾರ್ಮೋನಿಯಂ ಸುರ್ ನಿಲ್ಲೋದಿಲ್ಲ, ಕೀರ್ತನಕಾರರು ಕೈಯೆತ್ತಿ ಕ್ಯಾಮೆರಾ ಕಡೆ ನೋಡುತ್ತಾರೆ. ಅವ್ವ ರೊಟ್ಟಿ ಬಡಿಯುತ್ತಲೇ “ಮಹಾದೇವ” ಅಂದಳು. ಆ ಸುರ್ ಉಳಿಯಬೇಕಾದರೆ ಎಡಿಟಿಂಗ್‌ನಲ್ಲಿ ಗದ್ದಲ ತೆಗೆಯುವ ಆಯ್ಕೆಯನ್ನು ಮುಟ್ಟಬಾರದು. ಒಂದೇ ಸಮ ಇರೋ ಸುರ್ ಅದಕ್ಕೆ ಫ್ಯಾನಿನ ಸದ್ದಿನಂತೆ ಕಂಡು ತಿಂದುಹಾಕುತ್ತದೆ.

ಅವ್ವ ಮಂಡಿ ನೋವಿನಿಂದ ಗುಡಿಗೆ ಹೋಗೋದು ಬಿಟ್ಟು ಬಹಳ ದಿನ ಆಯ್ತು.

ವಿರೋಧ: ಅದೇ ವಿಡಿಯೊದಲ್ಲಿ ಹಾರ್ಮೋನಿಯಂ ನುಡಿಸಿದವನು

ತಮ್ಮಾ, ನಿಮ್ಮ ಅವ್ವ ‘ಮಹಾದೇವ’ ಅಂದದ್ದು ಕೀರ್ತನಕಾರರಿಗೆ ಕೇಳಿತೇ?

ನಾನು ಅವರ ಪಕ್ಕ ಕೂತು ನುಡಿಸುವವನು. ಜನರ ಉತ್ತರ ನಮಗೆ ಅಲಂಕಾರ ಅಲ್ಲ, ಅದೇ ಲಗಾಮು. ಮೊದಲ ಕೂಗಿಗೆ ದನಿ ಸಣ್ಣದಾಗಿ ಬಂತು ಅನ್ನಿ. “ಯಾಕ್ರೀ, ಉಂಡು ಬಂದಿಲ್ಲೇನು?” ಅಂತಾರೆ, ಜನ ನಗುತ್ತಾರೆ, ಇನ್ನೊಮ್ಮೆ ಕೂಗಿಸುತ್ತಾರೆ. ಆಗಲೂ ಏಳದಿದ್ದರೆ ಮುಂದಿನ ಉಪಕಥೆ ಬಿಟ್ಟು ನನ್ನ ಕಡೆ ಬೆರಳು ತೋರಿಸುತ್ತಾರೆ. ಪದ ಎತ್ತು ಅಂತ ಅರ್ಥ. ಹೆಂಗಸರ ಕಡೆಯಿಂದ ದನಿ ಗಟ್ಟಿ ಬಂದರೆ ಕಣ್ಣಪ್ಪನ ಹೆಂಡತಿಯ ಮಾತು ಹತ್ತು ನಿಮಿಷ ಬೆಳೆಯುತ್ತದೆ. ನಿಮ್ಮ 10 ಸೆಕೆಂಡಿನಲ್ಲಿ ಯಾರು ಕೂಗಿದರೂ, ಕೂಗದಿದ್ದರೂ ಮುಂದಿನ ಸಾಲು ಅದೇ.

ಕೈಯೆತ್ತಿ ಕ್ಯಾಮೆರಾ ನೋಡೋದು ಅಂದಿರಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಎಷ್ಟೋ ಕಲಾವಿದರಿಗೆ ಕಣ್ಣಿಲ್ಲ. ಸಭೆ ತುಂಬಿದೆಯೋ ಇಲ್ಲವೋ, ಜನ ದಣಿದಿದ್ದಾರೋ ಅನ್ನೋದು ಅವರಿಗೆ ತಿಳಿಯೋದು ಕಿವಿಯಿಂದಲೇ. ಅವರನ್ನು ಲೆನ್ಸಿನ ಮುಂದೆ ಕೂರಿಸಿ ‘ಇಲ್ಲಿ 5 ಸೆಕೆಂಡು ಬಿಡ್ರಿ’ ಅಂದರೆ ಯಾರಿಗೆ ಅಂತ ಬಿಡಬೇಕು?

ಪದದ ಲೆಕ್ಕವೂ ನನಗೆ ಒಪ್ಪಿಗೆ ಇಲ್ಲ. ಒಂದು ಪದಕ್ಕೆ 25 ಸೆಕೆಂಡು ಅಂದರೆ ಪಲ್ಲವಿ ಎರಡು ಸಲ, ಮುಗೀತು. ಗುಡಿಯಲ್ಲಿ ಒಂದು ಸಲ ಜನ ಕೇಳುತ್ತಾರೆ, ಎರಡನೇ ಸಲ ತುಟಿ ಆಡಿಸುತ್ತಾರೆ, ಮೂರನೇ ಸಲ ಬಾಯಿ ಬಿಡುತ್ತಾರೆ. ನಿಮ್ಮ ಕತ್ತರಿ ಬಿದ್ದದ್ದು ಸರಿಯಾಗಿ ಜನ ಬಾಯಿ ಬಿಡೋ ಜಾಗದಲ್ಲಿ. ಮೂರನೇ ಸಲ ಬೇಕಾದರೆ ಒಂದೇ ಪದ ಇಡಿ, ಇನ್ನೊಂದನ್ನು ಮಾತಿನಲ್ಲೇ ದಾಟಿಸಿ. ಇನ್ನು ತಬಲಾದ ದಗ್ಗಾ ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳೋದೇ ಇಲ್ಲ, ಅದಿರಲಿ.

ಮಂಗಳ ಹಾಡಿ ಮುಗಿಸಿದ ಮರುಕ್ಷಣ ವಿಡಿಯೊ ತಾನೇ ಮತ್ತೆ ಶುರುವಾಗಿ ರಕ್ತ ಸುರಿಯೋದನ್ನು ನೋಡಿ ನನಗೆ ಹೊಟ್ಟೆ ತೊಳಸಿತು. ಮಂಗಳ ಆದ ಮೇಲೆ ಎದ್ದು ಹೋಗಬೇಕು, ಅಲ್ವಾ?

ಮುಂದಿನ ಸಲವೂ ಕರೆಯಿರಿ, ಪೆಟ್ಟಿಗೆ ಹೊತ್ತುಕೊಂಡು ಬರುತ್ತೇನೆ. ಮೇಲೆ ‘ಕೀರ್ತನೆ’ ಅಂತ ಬರೆಯಬೇಡಿ. ‘ಕೀರ್ತನೆಯ ಎರಡು ಪದ’ ಅಂತ ಬರೆಯಿರಿ. ಗುಡಿಯ ಹೆಸರು, ಕೀರ್ತನೆ ಇರೋ ವಾರ, ಹೊತ್ತು ಕೆಳಗೆ ಹಾಕಿ.